ವಿಳಾಸ ಇದೆ, ಆ ವಿಳಾಸದಲ್ಲಿ ಕಂಪನಿ ಇದೆಯೇ?

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಜಾರಿ ನಿರ್ದೇಶನಾಲಯದ ಅಧಿಕಾರಿಗಳು ಬೆಂಗಳೂರಿನ ಆರು ಕಡೆ ಶೋಧ ನಡೆಸಿದರು. ಮೊಬೈಲ್ ಆ್ಯಪ್ ಮೂಲಕ ಸಣ್ಣ ಮೊತ್ತದ ಸಾಲ ಕೊಟ್ಟು, ಆಮೇಲೆ ಸಾಲಗಾರರನ್ನು ಬೆದರಿಸಿ ಸುಲಿಯುತ್ತಿದ್ದವರ ಬಗ್ಗೆ ಬೆಂಗಳೂರು ನಗರದ ಸೈಬರ್ ಅಪರಾಧ ಠಾಣೆಯಲ್ಲಿ ದಾಖಲಾಗಿದ್ದ 18 ಎಫ್‌ಐಆರ್‌ಗಳು ಆ ತನಿಖೆಗೆ ಆಧಾರ. ಶೋಧದ ನಂತರ ನಿರ್ದೇಶನಾಲಯ ಹೊರಡಿಸಿದ ಹೇಳಿಕೆಯಲ್ಲಿ 17 ಕೋಟಿ ರೂಪಾಯಿ ಜಪ್ತಿಯಾದ ಸುದ್ದಿ ಎಲ್ಲರ ಗಮನ ಸೆಳೆಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಹೇಳಿಕೆಯ ಇನ್ನೆರಡು ಮಾತು. ಭಾರತೀಯರ ನಕಲಿ ದಾಖಲೆಗಳನ್ನು ಬಳಸಿ ಅವರನ್ನು ಹೆಸರಿಗೆ ಮಾತ್ರ ನಿರ್ದೇಶಕರನ್ನಾಗಿ ಮಾಡಲಾಗಿತ್ತು ಎಂಬುದು ಒಂದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕೊಟ್ಟ ವಿಳಾಸದಿಂದ ಈ ಸಂಸ್ಥೆಗಳು ಕೆಲಸ ಮಾಡುತ್ತಲೇ ಇರಲಿಲ್ಲ, ಆ ವಿಳಾಸಗಳು ಸುಳ್ಳು ಎಂಬುದು ಇನ್ನೊಂದು. ಅಂದರೆ ನೋಂದಣಿ ಇತ್ತು, ಸರ್ಕಾರದ ಕಡತದಲ್ಲಿ ಹೆಸರೂ ವಿಳಾಸವೂ ಇದ್ದವು, ಆ ವಿಳಾಸದಲ್ಲಿ ಮಾತ್ರ ಯಾರೂ ಇರಲಿಲ್ಲ.

ಅನಮೋಡದಲ್ಲೋ ಜೋಯಿಡಾದ ರಾಮನಗರದಲ್ಲೋ ಕೂತವರಿಗೆ ಈ ಎರಡು ಮಾತು ಬೆಂಗಳೂರಿನವರಿಗಿಂತ ಹೆಚ್ಚು ಬೇಕಾದದ್ದು. ಬೆಂಗಳೂರಿನವರು ಅನುಮಾನ ಬಂದರೆ ಬಸ್ಸು ಹತ್ತಿ ಹೋಗಿ ಬಾಗಿಲು ನೋಡಿ ಬರಬಹುದು. ಗೋವಾ ಗಡಿಯ ಘಟ್ಟದ ತುದಿಯಲ್ಲಿರುವವರಿಗೆ ಅದು ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಜೋಯಿಡಾ ತಾಲ್ಲೂಕಿನವರಿಗೆ ಕರೆ ಮಾಡುವ ವಂಚಕರು ತಮ್ಮ ಕಚೇರಿ ಹಳಿಯಾಳದ ಪೇಟೆಯಲ್ಲಿದೆ ಎಂದು ಹೇಳುವುದಿಲ್ಲ. ಬೆಂಗಳೂರು, ಮುಂಬೈ, ದೆಹಲಿ ಎನ್ನುತ್ತಾರೆ. ದೂರ ಇದ್ದಷ್ಟೂ ಹೋಗಿ ನೋಡುವವರು ಕಡಿಮೆ ಎಂದು ಅವರಿಗೆ ಗೊತ್ತು. ಹೋಮ್‌ಸ್ಟೇ ಕಟ್ಟಲು ಸಾಲ, ಮೊಬೈಲ್ ಟವರ್‌ಗೆ ಜಾಗದ ಬಾಡಿಗೆ, ಗಲ್ಫ್ ದೇಶದಲ್ಲಿ ಕೆಲಸ, ಯಾವುದೋ ಉತ್ಪನ್ನದ ಡೀಲರ್‌ಶಿಪ್ ಎಂದು ನೆಪ ಬದಲಾಗುತ್ತದೆ. ಕೊನೆಗೆ ಬರುವ ಬೇಡಿಕೆ ಒಂದೇ: ಮೊದಲು ಇಷ್ಟು ಕಟ್ಟಿ. ಹಾಗೆ ಕಟ್ಟುವ ಮೊದಲು ಕೂತ ಜಾಗದಿಂದಲೇ ಮಾಡಬಹುದಾದ ಪರೀಕ್ಷೆ ಇದೆ. ಆದರೆ ಅದನ್ನು ಬಹಳ ಜನ ತಪ್ಪು ಪ್ರಶ್ನೆಯಿಂದ ಶುರುಮಾಡುತ್ತಾರೆ. ‘ಕಂಪನಿ ರಿಜಿಸ್ಟರ್ ಆಗಿದೆಯಾ?’ ಎಂದು ಕೇಳುತ್ತಾರೆ, ‘ಆಗಿದೆ’ ಎಂಬ ಉತ್ತರ ಸಿಕ್ಕರೆ ನಿಶ್ಚಿಂತರಾಗುತ್ತಾರೆ. ಬೆಂಗಳೂರಿನ ಆ ಸಂಸ್ಥೆಗಳ ಬಗ್ಗೆಯೂ ಇದೇ ಉತ್ತರ ಸಿಗುತ್ತಿತ್ತು. ಕೇಳಬೇಕಾದದ್ದು ಬೇರೆ: ಇವರು ತಮ್ಮ ಬಗ್ಗೆ ಏನು ಹೇಳಿಕೊಂಡಿದ್ದಾರೆ, ಆ ಮಾತಿಗೂ ದಾಖಲೆಗೂ ತಾಳೆ ಆಗುತ್ತದೆಯೇ? ನೋಂದಣಿ, ವಿಳಾಸ, ವೆಬ್‌ಸೈಟಿನ ವಯಸ್ಸು, ಈ ಮೂರನ್ನೂ ಬಿಡಿಬಿಡಿಯಾಗಿ ಸೃಷ್ಟಿಸುವುದು ಸುಲಭ. ಹೇಳಿಕೊಂಡ ಕಥೆಗೆ ಮೂರೂ ಒಟ್ಟಿಗೆ ಹೊಂದುವಂತೆ ಮಾಡುವುದು ಕಷ್ಟ, ಏಕೆಂದರೆ ಹಿಂದಿನ ತಾರೀಖನ್ನು ಯಾರೂ ಇವತ್ತು ಹುಟ್ಟಿಸಲಾರರು.

ನೋಂದಣಿಯನ್ನು ಓದುವುದು ಹೇಗೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಕಾಳಿ ನದಿಯ ದಡದಲ್ಲಿರುವ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಈ ಭಾಗದಲ್ಲಿ ಎಲ್ಲರೂ ಬಲ್ಲ ಕಾರ್ಖಾನೆ. ಅದರ ನೋಂದಾಯಿತ ಕಚೇರಿ ಬಂಗೂರನಗರದಲ್ಲಿ, ಪಿನ್ ಕೋಡ್ 581325. ಭಾರತದಲ್ಲಿ ನೋಂದಣಿಯಾದ ಪ್ರತಿ ಕಂಪನಿಗೂ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಈ ಕಾರ್ಖಾನೆಯದ್ದು ಹೀಗಿದೆ:

```
L02101KA1955PLC001936
```

ಮೊದಲ ಅಕ್ಷರ L ಎಂದರೆ ಷೇರು ಪೇಟೆಯಲ್ಲಿ ನಮೂದಾದ ಕಂಪನಿ, ಇಲ್ಲದಿದ್ದರೆ ಅಲ್ಲಿ U ಇರುತ್ತದೆ. ನಂತರದ ಐದು ಅಂಕಿ ಉದ್ಯಮದ ವರ್ಗ. KA ಎಂದರೆ ಕರ್ನಾಟಕ. 1955 ಎಂದರೆ ಕಂಪನಿ ಸ್ಥಾಪನೆಯಾದ ವರ್ಷ. PLC ಎಂದರೆ ಪಬ್ಲಿಕ್ ಲಿಮಿಟೆಡ್, ಪ್ರೈವೇಟ್ ಲಿಮಿಟೆಡ್ ಆದರೆ PTC. ಕೊನೆಯ ಆರು ಅಂಕಿ ಕಂಪನಿ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಸಂಖ್ಯೆ. ಇಂಟರ್ನೆಟ್ ಇಲ್ಲದೆಯೂ ಲೆಟರ್‌ಹೆಡ್ ನೋಡಿಯೇ ಇಷ್ಟು ಓದಬಹುದು. ‘2008ರಿಂದ ಸೇವೆಯಲ್ಲಿ’ ಎಂದು ಮೇಲೆ ಅಚ್ಚು ಹಾಕಿಸಿ, ಕೆಳಗಿನ ಸಂಖ್ಯೆಯಲ್ಲಿ 2023 ಇದ್ದರೆ, ಕರ್ನಾಟಕದ ಕಂಪನಿ ಎಂದು ಹೇಳಿ ಅಲ್ಲಿ DL ಇದ್ದರೆ, ಪ್ರಶ್ನೆ ಕೇಳಲು ಅಷ್ಟೇ ಸಾಕು. ಸಂಖ್ಯೆಯನ್ನೇ ಹಾಕದಿದ್ದರೆ ಅದು ಇನ್ನೂ ದೊಡ್ಡ ಪ್ರಶ್ನೆ. 2013ರ ಕಂಪನಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಂಪನಿ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿಐಎನ್, ದೂರವಾಣಿ, ಇಮೇಲ್ ಇವನ್ನು ಬಿಲ್ಲು, ಪತ್ರ, ನೋಟಿಸುಗಳಲ್ಲಿ ಅಚ್ಚು ಹಾಕಲೇಬೇಕು. ಕಂಪನಿ ಸ್ಥಾಪನೆಯ ನಿಯಮಗಳಲ್ಲಿ 26ನೆಯದು ಇದನ್ನೇ ವೆಬ್‌ಸೈಟಿಗೂ ವಿಸ್ತರಿಸುತ್ತದೆ: ಈ ವಿವರಗಳು, ಜೊತೆಗೆ ದೂರಿಗೆ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರು, ಮುಖಪುಟದಲ್ಲೇ ಇರಬೇಕು. ಹಾಗಾಗಿ ಸಿಐಎನ್ ಕೇಳುವುದು ಯಾರನ್ನೂ ಅವಮಾನಿಸಿದಂತಲ್ಲ. ಕಾನೂನು ಕೊಡಲೇಬೇಕು ಎಂದಿರುವುದನ್ನೇ ಗ್ರಾಹಕರು ಕೇಳುತ್ತಿದ್ದಾರೆ.

ಸಂಖ್ಯೆ ಸಿಕ್ಕ ಮೇಲೆ mca.gov.in ಜಾಲತಾಣದಲ್ಲಿ ಕಂಪನಿಯ ‘Master Data’ ತೆರೆಯಬೇಕು. ಲಾಗಿನ್ ಕೇಳಿದರೆ ಖಾತೆ ಮಾಡಿಕೊಳ್ಳಬಹುದು, ಈ ಮೂಲ ವಿವರ ನೋಡಲು ಶುಲ್ಕವಿಲ್ಲ. ಅಲ್ಲಿ ಕಾಣುವ ಸಾಲುಗಳಲ್ಲಿ ನಾಲ್ಕನ್ನು ನಿಧಾನವಾಗಿ ನೋಡಬೇಕು. ಸ್ಥಾಪನೆಯ ತಾರೀಖು ಮೊದಲನೆಯದು. ಎರಡನೆಯದು ಸ್ಥಿತಿ: Active ಎಂದಿದೆಯೋ, Strike Off ಎಂದಿದೆಯೋ. 2017ರಲ್ಲಿ ಕೇಂದ್ರ ಸರ್ಕಾರ ವ್ಯವಹಾರವಿಲ್ಲದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಅಳಿಸಿತು. ಅವುಗಳ ಹಳೆಯ ಪ್ರಮಾಣಪತ್ರಗಳು ಕಾಗದದ ಮೇಲೆ ಈಗಲೂ ಚೆನ್ನಾಗಿಯೇ ಕಾಣುತ್ತವೆ, ಆದ್ದರಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರಮಾಣಪತ್ರದ ಫೋಟೋ ಇಂದಿನ ಸ್ಥಿತಿಗೆ ಸಾಕ್ಷಿಯಲ್ಲ. ಮೂರನೆಯದು ಪಾವತಿಯಾದ ಬಂಡವಾಳ. ಖಾಸಗಿ ಕಂಪನಿಗೆ ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳ ಬೇಕೆಂಬ ಷರತ್ತು 2015ರ ತಿದ್ದುಪಡಿಯಲ್ಲಿ ಹೋಯಿತು. ಸಣ್ಣ ಬಂಡವಾಳ ತಪ್ಪೇನೂ ಅಲ್ಲ, ಆದರೆ ಹತ್ತು ಸಾವಿರ ರೂಪಾಯಿ ಬಂಡವಾಳದ ಕಂಪನಿ ‘ಐನೂರು ಕೋಟಿ ಸಾಲ ವಿತರಿಸಿದ್ದೇವೆ’ ಎಂದರೆ ಆ ಎರಡು ಮಾತು ಒಂದಕ್ಕೊಂದು ಸೇರುವುದಿಲ್ಲ. ನಾಲ್ಕನೆಯದು ಕೊನೆಯ ಬ್ಯಾಲೆನ್ಸ್ ಶೀಟಿನ ತಾರೀಖು. ಸ್ಥಾಪನೆಯಾಗಿ ಮೂರ್ನಾಲ್ಕು ವರ್ಷವಾದರೂ ಅದು ಖಾಲಿ ಇದ್ದರೆ, ಲಕ್ಷಾಂತರ ಗ್ರಾಹಕರಿದ್ದಾರೆ ಎನ್ನುವ ಕಂಪನಿ ಲೆಕ್ಕಪತ್ರವನ್ನೇ ಸಲ್ಲಿಸಿಲ್ಲ ಎಂದಾಯಿತು.

ಇಲ್ಲಿ ಒಂದು ಬಲೆ ಇದೆ. ವಂಚಕರು ತಮ್ಮ ಹೆಸರಿನಲ್ಲಿ ಕಂಪನಿ ನೋಂದಾಯಿಸುವ ಗೋಜಿಗೇ ಹೋಗದೆ, ನಿಜವಾದ ಹಳೆಯ ಕಂಪನಿಯೊಂದರ ಹೆಸರು, ಸಿಐಎನ್, ಲಾಂಛನ ಎಲ್ಲವನ್ನೂ ನಕಲು ಮಾಡಿಬಿಡಬಹುದು. ಆಗ ದಾಖಲೆಯಲ್ಲಿ ಎಲ್ಲವೂ ಸರಿಯಾಗಿಯೇ ಸಿಗುತ್ತದೆ, ಏಕೆಂದರೆ ನೀವು ನೋಡುತ್ತಿರುವುದು ನಿಜವಾದ ಕಂಪನಿಯ ದಾಖಲೆ. ಮಾತನಾಡುತ್ತಿರುವವರು ಆ ಕಂಪನಿಯವರೇ ಎಂಬುದಕ್ಕೆ ಅದರಲ್ಲಿ ಏನೂ ಆಧಾರವಿಲ್ಲ. ಸಚಿವಾಲಯದ ದಾಖಲೆಯಲ್ಲಿ ಕಂಪನಿ ಕೊಟ್ಟ ಇಮೇಲ್ ವಿಳಾಸವೂ ಇರುತ್ತದೆ. ನಿಮಗೆ ಪತ್ರ ಬಂದ ಇಮೇಲಿಗೆ ಉತ್ತರ ಬರೆಯುವ ಬದಲು ದಾಖಲೆಯಲ್ಲಿರುವ ಇಮೇಲಿಗೆ ಬರೆದು, ‘ಈ ಸಂಖ್ಯೆಯ ಪತ್ರ ನಿಮ್ಮದೇ?’ ಎಂದು ಕೇಳುವುದು ಈ ಬಲೆಯನ್ನು ಕತ್ತರಿಸುವ ದಾರಿ. ಕರೆ ಮಾಡಿದವರು ಕೊಟ್ಟ ನಂಬರಿಗೇ ಕರೆ ಮಾಡಿ ವಿಚಾರಿಸಿದರೆ ಉತ್ತರಿಸುವವರು ಅವರೇ.

ಎಲ್ಲ ವ್ಯಾಪಾರವೂ ಕಂಪನಿಯಲ್ಲ ಎಂಬ ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. ಗಣೇಶಗುಡಿಯಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುವವರಿಗೆ ಸಿಐಎನ್ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಕಡ್ಡಾಯವಲ್ಲ. ಇಂಥವರನ್ನು ‘ರಿಜಿಸ್ಟರ್ ಆಗಿಲ್ಲ, ಮೋಸ’ ಎಂದು ದೂರವಿಡುವುದು ಅನ್ಯಾಯ. ಹೇಳಿಕೆಗೆ ದಾಖಲೆಯನ್ನು ತಾಳೆ ನೋಡಬೇಕು ಎನ್ನುವುದು ಇದಕ್ಕೇ. ‘ಇದು ನಮ್ಮ ಮನೆ, ನಾವೇ ನಡೆಸುತ್ತೇವೆ’ ಎನ್ನುವವರು ಕಂಪನಿ ಎಂದು ಹೇಳಿಕೊಂಡೇ ಇಲ್ಲ. ಹೆಸರಿನ ಮುಂದೆ ಪ್ರೈವೇಟ್ ಲಿಮಿಟೆಡ್ ಎಂದು ಹಾಕಿಕೊಂಡವರು ಹೇಳಿಕೊಂಡಿದ್ದಾರೆ, ಅವರು ಅದನ್ನು ತೋರಿಸಬೇಕು. ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆ ಇದ್ದರೆ ಅದೂ ಮಾತನಾಡುತ್ತದೆ. ಹದಿನೈದು ಅಕ್ಷರ-ಅಂಕಿಗಳ ಆ ಸಂಖ್ಯೆಯ ಮೊದಲೆರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಅದರ ಮಾಲೀಕರ ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯ ಅಕ್ಷರ, C ಆಗಿದ್ದರೆ ಕಂಪನಿ, F ಆಗಿದ್ದರೆ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ, P ಆಗಿದ್ದರೆ ಒಬ್ಬ ವ್ಯಕ್ತಿ. ತಾವು ಪ್ರೈವೇಟ್ ಲಿಮಿಟೆಡ್ ಎಂದವರ ಬಿಲ್ಲಿನಲ್ಲಿ ಆ ಜಾಗದಲ್ಲಿ P ಇದ್ದರೆ, ಹಣ ಹೋಗುವುದು ಕಂಪನಿಗಲ್ಲ. gst.gov.in ತಾಣದ ‘Search Taxpayer’ನಲ್ಲಿ ಆ ಸಂಖ್ಯೆ ಹಾಕಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿ ತಾರೀಖು, ಸ್ಥಿತಿ, ಮುಖ್ಯ ವ್ಯವಹಾರ ಸ್ಥಳ ಸಿಗುತ್ತವೆ. ನೋಂದಣಿ ತಾರೀಖು 01/07/2017 ಎಂದಿದ್ದರೆ ವ್ಯಾಪಾರ ಅಂದೇ ಶುರುವಾಯಿತು ಎಂದುಕೊಳ್ಳಬಾರದು. ಜಿಎಸ್‌ಟಿ ಜಾರಿಗೆ ಬಂದದ್ದೇ ಅಂದು, ಹಳೆಯ ತೆರಿಗೆ ವ್ಯವಸ್ಥೆಯಲ್ಲಿದ್ದವರೆಲ್ಲ ಆ ತಾರೀಖಿಗೇ ಸೇರಿದವರು.

ವಿಳಾಸದ ವಿಷಯಕ್ಕೆ ಬಂದರೆ, ಸರ್ಕಾರದ ಕಡತವನ್ನೇ ಕೊನೆಯ ಮಾತು ಎಂದುಕೊಳ್ಳಲಾಗದು. ಕಂಪನಿ ಸ್ಥಾಪಿಸುವಾಗ ಕಚೇರಿಗೆ ಪುರಾವೆಯಾಗಿ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ವಿದ್ಯುತ್ ಬಿಲ್ ಇಂಥವನ್ನು ಕೊಡುತ್ತಾರೆ. ಆಗ ಯಾರೂ ಹೋಗಿ ನೋಡಿರುವುದಿಲ್ಲ. ಸಕಾರಣವಾದ ಅನುಮಾನ ಬಂದರೆ ರಿಜಿಸ್ಟ್ರಾರ್ ಸ್ಥಳಕ್ಕೆ ಹೋಗಿ ಪರಿಶೀಲಿಸಬಹುದು ಎಂದು ಕಾಯ್ದೆಗೆ ತಿದ್ದುಪಡಿ ಬಂತು. ಆ ಭೇಟಿಯಲ್ಲಿ ಆ ಭಾಗದ ಇಬ್ಬರು ಸ್ವತಂತ್ರ ಸಾಕ್ಷಿಗಳಿರಬೇಕು ಎಂಬ ನಿಯಮ ಸೇರಿದ್ದು 2022ರ ಆಗಸ್ಟಿನಲ್ಲಿ, ಬೆಂಗಳೂರಿನ ಶೋಧಕ್ಕೆ ಕೆಲವೇ ದಿನ ಮೊದಲು. ಅನುಮಾನ ಬಂದ ಮೇಲಷ್ಟೇ ಈ ಭೇಟಿ. ಆದ್ದರಿಂದ ದೂರದ ಗ್ರಾಹಕರು ತಾವೇ ಪರೀಕ್ಷಿಸಿಕೊಳ್ಳಬೇಕು. ಮೊದಲು ಲೆಟರ್‌ಹೆಡ್, ವೆಬ್‌ಸೈಟ್, ಸಚಿವಾಲಯದ ದಾಖಲೆ, ಜಿಎಸ್‌ಟಿ ದಾಖಲೆ, ಈ ನಾಲ್ಕು ಕಡೆಯ ವಿಳಾಸವನ್ನು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಬೇಕು. ಸುಳ್ಳು ವಿಳಾಸಗಳು ಅಲ್ಲೇ ಸಿಕ್ಕಿಬೀಳುವುದುಂಟು: ಒಂದರಲ್ಲಿ ಎರಡನೇ ಮಹಡಿ, ಇನ್ನೊಂದರಲ್ಲಿ ಬೇರೆ ರಸ್ತೆ, ಬೆಂಗಳೂರು ಎಂದು ಬರೆದು 56ರಿಂದ ಶುರುವಾಗದ ಪಿನ್ ಕೋಡ್. ಗೋವಾದ ಕಚೇರಿ ಎಂದರೆ ಪಿನ್ 403ರಿಂದ ಶುರುವಾಗಬೇಕೆಂದು ಅನಮೋಡದವರಿಗೆ ಹೇಳಿಕೊಡಬೇಕಾಗಿಲ್ಲ.

ನಾಲ್ಕೂ ಒಂದೇ ಇದ್ದರೆ ಆ ಪೂರ್ಣ ವಿಳಾಸವನ್ನು ಹುಡುಕು ತಾಣದಲ್ಲಿ ಹಾಕಿ ನೋಡಬೇಕು. ಒಂದೇ ಕೊಠಡಿ ಸಂಖ್ಯೆಯಲ್ಲಿ ಹತ್ತಾರು ಕಂಪನಿಗಳ ಹೆಸರು ಬಂದರೆ ಅದು ಟಪಾಲು ತೆಗೆದುಕೊಳ್ಳಲು ಮಾತ್ರ ಬಾಡಿಗೆಗೆ ಸಿಗುವ ವಿಳಾಸವಿರಬಹುದು, ಇಲ್ಲವೇ ಯಾವುದೋ ಲೆಕ್ಕಪರಿಶೋಧಕರ ಕಚೇರಿ ಇರಬಹುದು. ಹಾಗಿರುವುದು ಅಪರಾಧವಲ್ಲ, ಹೊಸ ಕಂಪನಿಗಳು ಖರ್ಚು ಉಳಿಸಲು ಹೀಗೆ ಮಾಡುತ್ತವೆ. ಆದರೆ ಅದೇ ವಿಳಾಸವನ್ನು ‘ಮುನ್ನೂರು ಸಿಬ್ಬಂದಿಯ ಕೇಂದ್ರ ಕಚೇರಿ’ ಎಂದಿದ್ದರೆ ಅದು ಸುಳ್ಳು. ಬೆಂಗಳೂರಿನಂಥ ನಗರಗಳ ರಸ್ತೆಗಳನ್ನು 2022ರಿಂದ ಗೂಗಲ್ ನಕ್ಷೆಯ ‘Street View’ನಲ್ಲಿ ನೋಡಬಹುದು. ಕಟ್ಟಡ ಇದೆಯೇ, ಅದು ಮನೆಯೋ ಮಳಿಗೆಯೋ ಎಂಬುದು ತಿಳಿಯುತ್ತದೆ, ಮೂರನೇ ಮಹಡಿಯ ಒಳಗೆ ಯಾರಿದ್ದಾರೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ನಕ್ಷೆಯಲ್ಲೇ ಅಕ್ಕಪಕ್ಕದ ಔಷಧಿ ಅಂಗಡಿಯದ್ದೋ ಹೋಟೆಲಿನದ್ದೋ ನಂಬರ್ ಸಿಗುತ್ತದೆ, ಕರೆ ಮಾಡಿ ‘ನಿಮ್ಮ ಕಟ್ಟಡದಲ್ಲಿ ಈ ಹೆಸರಿನ ಕಚೇರಿ ಇದೆಯೇನ್ರೀ?’ ಎಂದು ಕೇಳಿದರೆ ಬಹಳಷ್ಟು ಜನ ಹೇಳುತ್ತಾರೆ. ಸಮಯವಿದ್ದರೆ ಅಂಚೆ ಕಚೇರಿಯಿಂದ ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕಳಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ದಾರಿ. ‘ನಿಮ್ಮ ಇಂಥ ದಿನಾಂಕದ ಪತ್ರ ತಲುಪಿದೆ, ಅದು ನಿಮ್ಮದೇ ಎಂದು ತಿಳಿಸಿ’ ಎಂಬ ಎರಡು ಸಾಲು ಸಾಕು. ಆ ಹೆಸರಿನವರು ಅಲ್ಲಿಲ್ಲ ಎಂಬ ಷರಾದೊಂದಿಗೆ ಲಕೋಟೆ ವಾಪಸು ಬಂದರೆ, ಆ ಬಾಗಿಲಿಗೆ ಹೋಗಿ ಬಂದ ಅಂಚೆಯವರ ಬರಹ ನಿಮ್ಮ ಕೈಯಲ್ಲಿರುತ್ತದೆ.

ಅಷ್ಟು ದಿನ ಕಾದರೆ ಅವಕಾಶ ಕೈತಪ್ಪುವುದಿಲ್ಲವೇ ಎಂದು ಕೇಳುವವರಿದ್ದಾರೆ. ‘ಇವತ್ತು ಸಂಜೆಯೊಳಗೆ ಕಟ್ಟಿದರೆ ಮಾತ್ರ’ ಎಂಬ ಒತ್ತಡವನ್ನು ಗಡುವು ಎಂದು ತಿಳಿಯುವ ಬದಲು ಅದನ್ನೂ ಒಂದು ಹೇಳಿಕೆ ಎಂದೇ ನೋಡಬೇಕು. ಹದಿನೈದು ವರ್ಷದಿಂದ ಸಾಲ ಕೊಡುತ್ತಿರುವ ಸಂಸ್ಥೆಗೆ ಒಬ್ಬ ಗ್ರಾಹಕರ ಶುಲ್ಕ ಸಂಜೆಯೊಳಗೇ ಬರಬೇಕಾದ ಕಾರಣವೇನು? ಪರಿಶೀಲನೆಗೆ ಒಂದು ವಾರ ಕೊಡಿ ಎಂದಾಗ ಬರುವ ಉತ್ತರವೂ ಪರೀಕ್ಷೆಯ ಭಾಗ. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ, ಇದನ್ನೆಲ್ಲ ಹುಡುಕುವುದು ಹೇಗೆ ಎಂಬ ಮಾತೂ ನಿಜವೇ. ಪೇಟೆಗೆ ಬಂದ ದಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತರೆ ಅರ್ಧ ಗಂಟೆಯ ಕೆಲಸ. ಆ ದಿನದವರೆಗೆ ಹಣ ನಿಮ್ಮಲ್ಲೇ ಇರಲಿ.

ಮೂರನೆಯದು ವೆಬ್‌ಸೈಟಿನ ವಯಸ್ಸು. ಪ್ರತಿ ಡೊಮೇನ್ ಹೆಸರನ್ನೂ ಯಾವಾಗ ನೋಂದಾಯಿಸಲಾಯಿತು ಎಂಬ ದಾಖಲೆ ಸಾರ್ವಜನಿಕವಾಗಿ ಇರುತ್ತದೆ. lookup.icann.org ತಾಣದಲ್ಲಿ ಹೆಸರು ಹಾಕಿದರೆ, .in ಹೆಸರುಗಳಾದರೆ registry.in ತಾಣದಲ್ಲಿ, ಅದು ಸಿಗುತ್ತದೆ. ಕಂಪ್ಯೂಟರ್ ಬಲ್ಲವರು ಒಂದೇ ಸಾಲಿನಲ್ಲಿ ಕೇಳಬಹುದು:

```
whois example.com
```

ಬರುವ ಉತ್ತರದಲ್ಲಿ Creation Date ಎಂಬ ಸಾಲು ನೋಡಬೇಕು. ಈ ಮಾದರಿ ಹೆಸರಿಗೆ ಅದು 1995ರ ಆಗಸ್ಟ್ 14 ಎಂದು ತೋರಿಸುತ್ತದೆ. ಮಾಲೀಕರ ಹೆಸರು, ಫೋನ್ ಮುಂತಾದವು ಖಾಸಗಿತನದ ಕಾರಣಕ್ಕೆ ಈಗ ಸಾಮಾನ್ಯವಾಗಿ ಮರೆಯಾಗಿರುತ್ತವೆ. ಅದರಲ್ಲಿ ಅನುಮಾನಿಸುವಂಥದ್ದೇನೂ ಇಲ್ಲ. ತಾರೀಖು ಮಾತ್ರ ಮರೆಯಾಗುವುದಿಲ್ಲ, ನಮಗೆ ಬೇಕಾದದ್ದೂ ಅದೇ. ‘ಹದಿನೈದು ವರ್ಷದಿಂದ ಆನ್‌ಲೈನ್ ಸೇವೆ’ ಎನ್ನುವವರ ತಾಣ ಹುಟ್ಟಿ ಮೂರು ತಿಂಗಳಾಗಿದ್ದರೆ ಆ ಮಾತು ಬಿದ್ದುಹೋಯಿತು.

ಆದರೆ ಈ ತಾರೀಖನ್ನು ಓದುವಾಗ ಎರಡೂ ದಿಕ್ಕಿನಲ್ಲಿ ಎಡವಬಹುದು. ಹೊಸ ತಾಣವೆಲ್ಲ ಮೋಸವಲ್ಲ. 1955ರ ಕಾರ್ಖಾನೆಗೆ 1955ರ ವೆಬ್‌ಸೈಟ್ ಇರಲು ಸಾಧ್ಯವೇ ಇಲ್ಲ, ಕಳೆದ ವರ್ಷ ಶುರುವಾದ ಹೋಮ್‌ಸ್ಟೇಯ ತಾಣ ಕಳೆದ ವರ್ಷದ್ದೇ ಆಗಿರಬೇಕು. ಹಳೆಯ ತಾಣವೆಲ್ಲ ನಂಬಿಕೆಯದ್ದೂ ಅಲ್ಲ, ಏಕೆಂದರೆ ಬೇರೆಯವರು ಬಿಟ್ಟ ಹಳೆಯ ಹೆಸರನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಇದನ್ನು ಹಿಡಿಯಲು web.archive.org ಇದೆ. ಹಿಂದಿನ ವರ್ಷಗಳಲ್ಲಿ ಆ ತಾಣ ಹೇಗಿತ್ತು ಎಂಬ ಪ್ರತಿಗಳು ಅಲ್ಲಿ ಉಳಿದಿರುತ್ತವೆ. 2012ರಲ್ಲಿ ಅದು ಯಾವುದೋ ದೇಶದ ಅಡುಗೆ ಬ್ಲಾಗ್ ಆಗಿದ್ದು, ಈಗ ಸಾಲದ ಕಂಪನಿಯಾಗಿದ್ದರೆ ವಯಸ್ಸು ಎರವಲು ತಂದದ್ದು. ಇನ್ನೊಂದು ತಪ್ಪು ಬಹಳ ಸುಲಭವಾಗಿ ಆಗುತ್ತದೆ. ತಾಣದ ವಿಳಾಸ wixsite.com ಅಥವಾ blogspot.com ಎಂದು ಮುಗಿಯುತ್ತಿದ್ದರೆ, ಸಿಗುವ ತಾರೀಖು ಜಾಗ ಕೊಟ್ಟ ದೊಡ್ಡ ಸಂಸ್ಥೆಯದ್ದು, ನಿಮಗೆ ಪತ್ರ ಕಳಿಸಿದವರದ್ದಲ್ಲ. ಆ ಜಾಗದಲ್ಲಿ ಯಾರು ಬೇಕಾದರೂ ಇವತ್ತೇ ಉಚಿತವಾಗಿ ಪುಟ ತೆರೆಯಬಹುದು.

ಇವನ್ನೆಲ್ಲ ಒಟ್ಟಿಗೆ ಇಟ್ಟಾಗ ಹೇಗೆ ಕಾಣುತ್ತದೆ ಎಂದು ಒಂದು ಕಲ್ಪಿತ ಪತ್ರದ ಮೇಲೆ ನೋಡೋಣ. ರಾಮನಗರದ ಗೃಹಿಣಿಯೊಬ್ಬರಿಗೆ ಐದು ಲಕ್ಷದ ಸಾಲ ಮಂಜೂರಾಗಿದೆ ಎಂದು ಪತ್ರ ಬರುತ್ತದೆ. 2009ರಿಂದ ಸೇವೆ, ರಿಸರ್ವ್ ಬ್ಯಾಂಕ್ ಮಾನ್ಯತೆ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ; ಫೈಲ್ ಚಾರ್ಜ್ 14,500 ರೂಪಾಯಿ ಮೊದಲು ಕಟ್ಟಬೇಕು. ಲೆಟರ್‌ಹೆಡ್‌ನ ಸಿಐಎನ್‌ನಲ್ಲಿ ರಾಜ್ಯ DL, ವರ್ಷ 2023. ಕೇಳಿದರೆ ‘ಮೊದಲು ಬೇರೆ ಹೆಸರಿನಲ್ಲಿ ಪಾಲುದಾರಿಕೆ ಸಂಸ್ಥೆ ಇತ್ತು, ಆಮೇಲೆ ಕಂಪನಿ ಮಾಡಿದೆವು’ ಎಂಬ ಉತ್ತರ ಬರುತ್ತದೆ. ಇದು ಅಸಾಧ್ಯವಲ್ಲ, ಪಾಲುದಾರಿಕೆ ಸಂಸ್ಥೆ ಕಂಪನಿಯಾದಾಗ ಸಿಐಎನ್‌ನಲ್ಲಿ ಕಾಣುವುದು ಕಂಪನಿಯಾದ ವರ್ಷವೇ. ಹಾಗಿದ್ದರೆ ಹಳೆಯ ಸಂಸ್ಥೆಯ ಹೆಸರು ಹೇಳಲು ತೊಂದರೆ ಇರಬಾರದು. ಇಲ್ಲಿ ಅದನ್ನು ಹೇಳುವುದಿಲ್ಲ. ಸಚಿವಾಲಯದ ದಾಖಲೆ ಕೊಡುವ ವಿಳಾಸ ದೆಹಲಿಯದ್ದು, ಪತ್ರದ್ದು ಬೆಂಗಳೂರಿನದ್ದು. ಶಾಖೆ ಎನ್ನಬಹುದು, ಆದರೆ ಪತ್ರ ಹೇಳಿದ್ದು ಕೇಂದ್ರ ಕಚೇರಿ ಎಂದು. ವೆಬ್‌ಸೈಟಿನ ವಯಸ್ಸು ಹನ್ನೊಂದು ವಾರ. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಇದೆ. ಮೂರೂ ಸಮಜಾಯಿಷಿಗಳು ಒಟ್ಟಿಗೆ ನಿಜವಾಗಬೇಕಾದರೆ, 2009ರಿಂದ ಬೆಂಗಳೂರಿನಲ್ಲಿದ್ದ ಸಂಸ್ಥೆ ದೆಹಲಿಯಲ್ಲಿ ಕಂಪನಿಯಾಗಿ, ಹದಿನೈದು ವರ್ಷ ವೆಬ್‌ಸೈಟ್ ಇಲ್ಲದೆ ಇದ್ದು, ಈಗ ಹನ್ನೊಂದು ವಾರದ ಹಿಂದೆ ಮಾಡಿಸಿರಬೇಕು. ಕೊನೆಗೆ ಹಣ ಕಳಿಸಲು ಕೊಟ್ಟ ಯುಪಿಐ ತೆರೆದಾಗ ಪರದೆಯ ಮೇಲೆ ಕಾಣುವ ಹೆಸರು ಒಬ್ಬ ವ್ಯಕ್ತಿಯದ್ದು. ಯಾವ ನಿಜವಾದ ಹಣಕಾಸು ಸಂಸ್ಥೆಯೂ ಸಾಲದ ಶುಲ್ಕವನ್ನು ಸಿಬ್ಬಂದಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ಹುಡುಕಾಟ ಅಲ್ಲಿಗೆ ಮುಗಿಯಿತು.

ಈ ಮೂರೂ ಹೊಂದಿಕೊಂಡರೆ ಹಣ ಕಟ್ಟಬಹುದೇ? ಇಲ್ಲ ಎನ್ನುವುದಕ್ಕೆ ಕರ್ನಾಟಕದಲ್ಲೇ ಕಹಿಯಾದ ಸಾಕ್ಷಿ ಇದೆ. ಐ ಮಾನಿಟರಿ ಅಡ್ವೈಸರಿ, ಜನ ಕರೆದಂತೆ ಐಎಂಎ, 2006ರಲ್ಲಿ ಶುರುವಾಗಿ 2019ರ ಜೂನ್‌ನಲ್ಲಿ ಕುಸಿಯಿತು. ಅದಕ್ಕೆ ನೋಂದಣಿ ಇತ್ತು. ಶಿವಾಜಿನಗರದಲ್ಲಿ ಹೋಗಿ ಕೂರಬಹುದಾದ ಕಚೇರಿ ಇತ್ತು, ಚಿನ್ನದ ಮಳಿಗೆ ಇತ್ತು. ಹದಿಮೂರು ವರ್ಷದ ವಯಸ್ಸಿತ್ತು. ಸಾವಿರಾರು ಕೋಟಿ ರೂಪಾಯಿ ತೊಡಗಿಸಿದ ಹತ್ತಾರು ಸಾವಿರ ಕುಟುಂಬಗಳು ಬೀದಿಗೆ ಬಂದವು, ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಹೋಗಿ, ಜುಲೈನಲ್ಲಿ ದೆಹಲಿಯಲ್ಲಿ ಬಂಧನಕ್ಕೊಳಗಾದರು. ಆ ಹಣ ಕಟ್ಟಿದವರು ವಿಳಾಸ ನೋಡದೆ ಕಟ್ಟಿದವರಲ್ಲ. ಅಲ್ಲಿ ತಾಳೆಯಾಗದೆ ಉಳಿದದ್ದು ಬೇರೆ ಸಂಗತಿ: ಜನರಿಂದ ಹಣ ಸಂಗ್ರಹಿಸಿ ತಿಂಗಳು ತಿಂಗಳು ಲಾಭ ಕೊಡುವ ಕೆಲಸಕ್ಕೆ ಬೇಕಾದ ಅನುಮತಿ. ಹೂಡಿಕೆದಾರರನ್ನು ಎಲ್‌ಎಲ್‌ಪಿಯ ಪಾಲುದಾರರು ಎಂದು ತೋರಿಸಿ ಆ ಪ್ರಶ್ನೆಯಿಂದಲೇ ತಪ್ಪಿಸಿಕೊಳ್ಳಲಾಗಿತ್ತು.

ಕಂಪನಿ ರಿಜಿಸ್ಟ್ರಾರ್ ಕೊಡುವುದು ಹುಟ್ಟಿನ ದಾಖಲೆ, ಯಾವ ಕೆಲಸ ಮಾಡಬಹುದು ಎಂಬ ಪರವಾನಗಿ ಬೇರೆ ಕಡೆಯದ್ದು. ಸಾಲ ಕೊಡುವ ಬ್ಯಾಂಕೇತರ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ನೋಂದಣಿ ಪತ್ರ ಬೇಕು, ಅಂಥ ಸಂಸ್ಥೆಗಳ ಪಟ್ಟಿ ಬ್ಯಾಂಕಿನ ತಾಣದಲ್ಲಿದೆ. ಠೇವಣಿ ಕೇಳುವವರ ಬಗ್ಗೆ sachet.rbi.org.in ತಾಣದಲ್ಲಿ ವಿಚಾರಿಸಬಹುದು, ಅಲ್ಲೇ ದೂರು ಕೊಡಬಹುದು. ಷೇರು ಪೇಟೆಯ ಸಲಹೆಗಾರರಾದರೆ ಸೆಬಿಯಲ್ಲಿ ಹೆಸರಿರಬೇಕು. ಉದ್ಯಮ್ ನೋಂದಣಿಯ ಪ್ರಮಾಣಪತ್ರ ತೋರಿಸಿ ‘ಸರ್ಕಾರದ ಮಾನ್ಯತೆ’ ಎನ್ನುವವರೂ ಇದ್ದಾರೆ. 2020ರ ಜುಲೈಯಿಂದ ಬಂದ ಆ ನೋಂದಣಿ ಉದ್ಯಮಿಯ ಸ್ವಯಂ ಘೋಷಣೆಯ ಮೇಲೆ ಉಚಿತವಾಗಿ ಸಿಗುವಂಥದ್ದು. ಸಣ್ಣ ಉದ್ಯಮಿಗಳಿಗೆ ಅದು ಉಪಯೋಗಿ, ಗ್ರಾಹಕರಿಗೆ ಅದು ಖಾತರಿಯಲ್ಲ. ಮೂರು ಪರೀಕ್ಷೆಗಳಲ್ಲಿ ಸೋತವರನ್ನು ಅಲ್ಲೇ ಬಿಡಬಹುದು. ಗೆದ್ದವರ ಬಗ್ಗೆ ಪರವಾನಗಿಯ ಈ ನಾಲ್ಕನೆಯ ಪ್ರಶ್ನೆಯನ್ನು ಕೇಳಲೇಬೇಕು.

ಹುಡುಕುವಾಗ ಕಂಡದ್ದನ್ನೆಲ್ಲ ತಾರೀಖಿನೊಂದಿಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮೋಸದ ತಾಣಗಳು ದೂರು ಬರುವಷ್ಟರಲ್ಲಿ ಮಾಯವಾಗುತ್ತವೆ. web.archive.orgನ ‘Save Page Now’ನಲ್ಲಿ ಆ ತಾಣದ ವಿಳಾಸ ಹಾಕಿದರೆ ಅಂದಿನ ಪುಟದ ಒಂದು ಪ್ರತಿ ಹೊರಗೆ ಉಳಿಯುತ್ತದೆ. ಹಣ ಆಗಲೇ ಹೋಗಿದ್ದರೆ ಇದ್ಯಾವುದಕ್ಕೂ ಕಾಯದೆ ಮೊದಲು 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಇರುವ ಸಮಯ ಬಹಳ ಕಡಿಮೆ. ನಂತರ cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು, ಇಲ್ಲವೇ ಹತ್ತಿರದ ಠಾಣೆಗೆ ಅಥವಾ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ಕೊಡಬೇಕು. ಆಗ ಪತ್ರ, ಸಿಐಎನ್, ಡೊಮೇನಿನ ತಾರೀಖು, ಹಣ ಹೋದ ಖಾತೆಯ ಹೆಸರು, ವಾಪಸು ಬಂದ ಲಕೋಟೆ ಇದ್ದರೆ ಅದು, ಎಲ್ಲವನ್ನೂ ದೂರಿನ ಜೊತೆ ಲಗತ್ತಿಸಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಬೇಕು.